ಹೆಸರುಗಳ ನಡುವಿನ ತಿದ್ದುಪಡಿ ಅಂತರ

ಒಂದು ಹೆಸರನ್ನು ಇನ್ನೊಂದು ಹೆಸರಾಗಿ ಮಾರ್ಪಡಿಸಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಎಷ್ಟನ್ನು ಅಳಿಸಬೇಕು, ಎಷ್ಟನ್ನು ಬದಲಿಸಬೇಕು ಎಂಬ ಲೆಕ್ಕಕ್ಕೆ ತಿದ್ದುಪಡಿ ಅಂತರ ಎನ್ನಬಹುದು. ಪ್ರೋಗ್ರಾಮ್ ಬರೆಯುವವರ ಬಾಯಲ್ಲಿ ಅದು ಎಡಿಟ್ ಡಿಸ್ಟನ್ಸ್. ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಇದನ್ನು ವಿವರಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಸೊನ್ನೆ–ಒಂದುಗಳ ಸಂಕೇತಮಾಲೆ, ಮನುಷ್ಯರ ಹೆಸರಲ್ಲ. ಅದಕ್ಕೂ ಒಂದು ವರ್ಷ ಮೊದಲೇ ಐಬಿಎಂ ಸಂಸ್ಥೆಯ ಫ್ರೆಡರಿಕ್ ಡ್ಯಾಮೆರೋ ಕಂಪ್ಯೂಟರಿಗೆ ಊಡಿದ ಪದಗಳ ತಪ್ಪುಗಳನ್ನು ಪರಿಶೀಲಿಸಿ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ತಪ್ಪುಗಳು ಒಂದೇ ಅಕ್ಷರಕ್ಕೆ ಸಂಬಂಧಿಸಿದವು ಎಂದು ತೋರಿಸಿದ್ದರು: ಒಂದು ಹೆಚ್ಚಾಗಿರುತ್ತದೆ, ಒಂದು ಬಿಟ್ಟುಹೋಗಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಬಂದಿರುತ್ತದೆ, ಇಲ್ಲವೇ ಅಕ್ಕಪಕ್ಕದ ಎರಡು ಅದಲುಬದಲಾಗಿರುತ್ತವೆ. ದತ್ತಾಂಶ ಸ್ವಚ್ಛಗೊಳಿಸುವ ಸ್ಕ್ರಿಪ್ಟುಗಳಲ್ಲಿ ಇಂದಿಗೂ ಕಾಣುವ ‘ಅಂತರ ಒಂದು ಅಥವಾ ಎರಡು ಇದ್ದರೆ ಒಂದೇ ಹೆಸರು’ ಎಂಬ ನಿಯಮದ ಹಿಂದೆ ಇರುವುದು ಈ ಅನುಭವವೇ. ಆ ನಿಯಮವನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹೆಸರಿನ ಪಟ್ಟಿಗಳಿಗೆ ಹಾಗೆಯೇ ಅನ್ವಯಿಸಿದರೆ ಅದು ಬಹಳ ಕಡೆ ಎಡವುತ್ತದೆ. ಅಂತರದ ಲೆಕ್ಕದಲ್ಲೇನೂ ದೋಷವಿಲ್ಲ. ಇಲ್ಲಿ ಸ್ಕ್ರಿಪ್ಟಿಗೆ ಸಿಗುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಟೈಪಿಂಗ್ ತಪ್ಪುಗಳಲ್ಲ, ಒಂದೇ ಹೆಸರನ್ನು ಬರೆಯುವ ಬೇರೆ ಬೇರೆ ರೂಢಿಗಳು. ಆ ರೂಢಿಗಳನ್ನು ಲೆಕ್ಕದೊಳಗೆ ತಾರದ ಅಂತರ ಒಬ್ಬನೇ ಮನುಷ್ಯನನ್ನು ಇಬ್ಬರಾಗಿಸುತ್ತದೆ, ಇಬ್ಬರನ್ನು ಒಬ್ಬನಾಗಿಸುತ್ತದೆ.

ಮೊದಲು ಲೆಕ್ಕ ಹೇಗೆ ನಡೆಯುತ್ತದೆಂದು ನೋಡೋಣ. ವ್ಯಾಗ್ನರ್ ಮತ್ತು ಫಿಶರ್ 1974ರಲ್ಲಿ ಪ್ರಕಟಿಸಿದ ಕೋಷ್ಟಕದ ವಿಧಾನವೇ ಈಗಲೂ ಎಲ್ಲ ಕಡೆ ಬಳಕೆಯಲ್ಲಿದೆ. ಈ ಭಾಗದ ಹೆಸರುಗಳ ಕೊನೆಯಲ್ಲಿ ಪದೇ ಪದೇ ಬರುವ ‘ಗೌಡ’ ಎಂಬುದನ್ನೇ ತೆಗೆದುಕೊಂಡರೆ, ಒಂದು ಕಡತದಲ್ಲಿ ಅದು `Gouda` ಎಂದಿರುತ್ತದೆ, ಇನ್ನೊಂದರಲ್ಲಿ `Gowd` ಎಂದು.

```
        G  o  w  d
     0  1  2  3  4
 G   1  0  1  2  3
 o   2  1  0  1  2
 u   3  2  1  1  2
 d   4  3  2  2  1
 a   5  4  3  3  2
```

ಮೇಲಿನ ಸಾಲು ಮತ್ತು ಎಡಗಡೆಯ ಕಂಬ ಬರೀ ಎಣಿಕೆ: ಏನೂ ಇಲ್ಲದ ಕಡೆಯಿಂದ ಅಷ್ಟು ಅಕ್ಷರ ಕಟ್ಟಲು ಅಷ್ಟು ಹೆಜ್ಜೆ. ಒಳಗಿನ ಪ್ರತಿ ಮನೆಗೂ ಮೂರು ದಾರಿಗಳಿವೆ. ಮೇಲಿನ ಮನೆಯಿಂದ ಇಳಿದರೆ ಒಂದು ಅಕ್ಷರ ಅಳಿಸಿದಂತೆ, ಎಡದಿಂದ ಬಂದರೆ ಒಂದು ಸೇರಿಸಿದಂತೆ, ಎರಡಕ್ಕೂ ಒಂದೊಂದು ಅಂಕ ಕೂಡುತ್ತದೆ. ಓರೆಯಾಗಿ ಬಂದರೆ ಅಕ್ಷರ ಎರಡೂ ಕಡೆ ಒಂದೇ ಆಗಿದ್ದಾಗ ಏನೂ ಕೂಡುವುದಿಲ್ಲ, ಬೇರೆಯಾಗಿದ್ದರೆ ಒಂದು ಕೂಡುತ್ತದೆ. ಮೂರರಲ್ಲಿ ಕಡಿಮೆ ಯಾವುದೋ ಅದು ಆ ಮನೆಯ ಅಂಕ. ಬಲಗಡೆ ಕೆಳಮೂಲೆಯ 2 ಅಂತಿಮ ಉತ್ತರ: `u` ಜಾಗದಲ್ಲಿ `w` ಬಂದದ್ದಕ್ಕೆ ಒಂದು, ಕೊನೆಯ `a` ಹೋದದ್ದಕ್ಕೆ ಒಂದು. ಈ ಎರಡರಲ್ಲಿ ಯಾವುದೂ ತಪ್ಪಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಎರಡೂ ಕಡತಗಳನ್ನು ಬರೆದವರು ತಮ್ಮ ತಮ್ಮ ರೂಢಿಯಲ್ಲಿ ಸರಿಯಾಗಿಯೇ ಬರೆದಿದ್ದಾರೆ. ಆದರೂ ಐದು ಅಕ್ಷರದ ಹೆಸರಿಗೆ ಎರಡು ಅಂಕದ ದಂಡ ಬಿತ್ತು.

ಈ ರೂಢಿಗಳು ಎಲ್ಲಿಂದ ಬಂದವು ಎಂದರೆ, ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಪದದ ನಡುವಿನ ಮತ್ತು ಕೊನೆಯ ‘ಅ’ಕಾರವನ್ನು ನುಂಗಿಕೊಳ್ಳುವುದು ಮರಾಠಿಯ ಉಚ್ಚಾರಣೆಯ ರೀತಿ, ಅದು ರೋಮನ್ ಬರಹಕ್ಕೂ ಇಳಿಯಿತು. ಬಸವರಾಜ `Basavaraj` ಆದ, `Baswaraj` ಕೂಡ ಆದ. ಸಿಂದಗಿ ಹಳೆಯ ಗೆಜೆಟಿಯರಿನಲ್ಲೂ 2011ರ ಜನಗಣತಿಯಲ್ಲೂ `Sindgi`. ಬಸ್ ಬೋರ್ಡಿನಲ್ಲಿ, ಅಂಗಡಿ ಫಲಕಗಳಲ್ಲಿ `Sindagi`. ಅದೇ ಜನಗಣತಿಯಲ್ಲಿ `Basavana Bagevadi`, ಬೇರೆ ಕಡೆ `Basavana Bagewadi`, ಅವಸರದಲ್ಲಿದ್ದವರಿಗೆ `B. Bagewadi`. ‘ವ’ಕ್ಕೆ `v` ಮತ್ತು `w`, ದೀರ್ಘ ‘ಈ’ಗೆ `i` ಮತ್ತು `ee`, ‘ಕ್ಷ’ಕ್ಕೆ `ksh` ಮತ್ತು `x`, ಮಹಾಪ್ರಾಣಕ್ಕೆ `h` ಹಚ್ಚುವುದು ಅಥವಾ ಬಿಡುವುದು, ದ್ವಿತ್ವಕ್ಕೆ ಎರಡಕ್ಷರ ಅಥವಾ ಒಂದೇ ಅಕ್ಷರ: ಹೀಗೆ ಗಟ್ಟಿಯಾಗಿ ಏಳೆಂಟು ರೂಢಿಗಳಿಂದಲೇ ಬಹುಪಾಲು ರೂಪಗಳು ಹುಟ್ಟುತ್ತವೆ. ಇದರ ಮೇಲೆ ಆಡುಮಾತಿನದೊಂದು ಪದರವಿದೆ. ವೀರಣ್ಣ ಬಾಯಲ್ಲಿ ಈರಣ್ಣ, ಲಿಂಗಪ್ಪ ಬಾಯಲ್ಲಿ ನಿಂಗಪ್ಪ, ಶಂಕರಪ್ಪ ಶಂಕ್ರಪ್ಪ. ಪಹಣಿ ಕನ್ನಡದಲ್ಲಿರುತ್ತದೆ, ಬ್ಯಾಂಕಿನ ಪಾಸ್‌ಬುಕ್ ರೋಮನ್ ಲಿಪಿಯಲ್ಲಿ, ಆಧಾರ್ ಎರಡರಲ್ಲೂ. ರೈತರ ನೋಂದಣಿಗಾಗಿ ರಾಜ್ಯ ಸರ್ಕಾರ ಮಾಡಿದ ಫ್ರೂಟ್ಸ್ ತಂತ್ರಾಂಶವಾಗಲಿ, 2019ರಲ್ಲಿ ಆರಂಭವಾಗಿ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಪಿಎಂ–ಕಿಸಾನ್ ಆಗಲಿ, ಈ ಮೂರೂ ದಾಖಲೆಗಳ ಹೆಸರುಗಳು ಎದುರುಬದುರಾಗುವ ಜಾಗಗಳು.

ಊರ ಹೆಸರಿನಲ್ಲಿ ತೊಂದರೆ ಬಿಚ್ಚಿಟ್ಟಂತೆ ಕಾಣುತ್ತದೆ. `Bijapur` ಮತ್ತು `Vijayapura` ಒಂದೇ ಊರು. 2014ರ ನವೆಂಬರ್ 1ರಂದು ಸರ್ಕಾರ ಹೆಸರು ಬದಲಿಸಿತು. ಇವೆರಡರ ನಡುವಿನ ಅಂತರ 4. `Kolhar` ಎಂಬುದು ಬಸವನ ಬಾಗೇವಾಡಿಯಿಂದ ಬೇರೆಯಾದ ತಾಲ್ಲೂಕಿನ ಕೇಂದ್ರ, `Kolar` ರಾಜ್ಯದ ಇನ್ನೊಂದು ಮೂಲೆಯ ಜಿಲ್ಲೆ. ಇವೆರಡರ ಅಂತರ 1. ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ಎರಡೂ ಇದೇ ಜಿಲ್ಲೆಯವು. ಪೂರ್ತಿ ಬರೆದರೆ ಗೊಂದಲವಿಲ್ಲ, `D. Hippargi` ಮತ್ತು `H. Hippargi` ಎಂದು ಚುಟುಕಾಗಿಸಿದರೆ ಅಂತರ ಮತ್ತೆ 1. ಅತ್ತ `B. Bagewadi` ಮತ್ತು `Basavana Bagevadi` ಒಂದೇ ಊರಾದರೂ ನಡುವೆ 8. ಮಿತಿಯನ್ನು ಎಲ್ಲಿ ಇಟ್ಟರೂ ಒಂದು ಕಡೆ ತಪ್ಪುವುದು ಖಚಿತ. ಅಂತರವನ್ನು ಹೆಸರಿನ ಉದ್ದದಿಂದ ಭಾಗಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಭಾಗಿಸಿ ನೋಡಿದರೆ ಕೊಲ್ಹಾರ–ಕೋಲಾರದ ಹೋಲಿಕೆ 0.83, ಬಿಜಾಪುರ–ವಿಜಯಪುರದ್ದು 0.60. ಅನುಪಾತವೂ ಅದೇ ತಪ್ಪನ್ನು ದಶಾಂಶದಲ್ಲಿ ಹೇಳುತ್ತದೆ, ಅಷ್ಟೇ. ಇಂಡಿಯಂಥ ನಾಲ್ಕು ಅಕ್ಷರದ ಹೆಸರಿನಲ್ಲಂತೂ ಒಂದು ಅಕ್ಷರದ ವ್ಯತ್ಯಾಸ ಅದನ್ನು ದೇಶವನ್ನಾಗಿಯೇ ಮಾಡಬಲ್ಲದು: `Indi`, `India`.

ಊರ ಹೆಸರುಗಳಿಗೆ ಅಂತರವನ್ನು ನೆಚ್ಚುವ ಅಗತ್ಯವೇ ಇಲ್ಲ, ಏಕೆಂದರೆ ಅವು ಎಣಿಕೆಗೆ ಸಿಗುವಷ್ಟಿವೆ. ಗೊತ್ತಿರುವ ಎಲ್ಲ ರೂಪಗಳನ್ನೂ ಒಂದು ಕೋಷ್ಟಕದಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಕೊಟ್ಟಿರುವ ಗ್ರಾಮಸಂಕೇತವನ್ನು ಇಡುವುದು ಸರಿಯಾದ ಕ್ರಮ. ಕೋಷ್ಟಕದಲ್ಲಿ ಇಲ್ಲದ ಹೊಸ ರೂಪ ಬಂದಾಗ ಮಾತ್ರ ಅಂತರ ಹತ್ತಿರದ ಎರಡು ಮೂರು ಊರುಗಳನ್ನು ಸೂಚಿಸಲಿ, ಆರಿಸುವುದು ಮನುಷ್ಯ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆ ತಾಲ್ಲೂಕುಗಳಾದ ಮೇಲೆ ಇದು ಇನ್ನಷ್ಟು ಮುಖ್ಯವಾಗಿದೆ. ಹಳೆಯ ಪಟ್ಟಿಯಲ್ಲಿ ಸಿಂದಗಿ ತಾಲ್ಲೂಕಿನಲ್ಲಿದ್ದ ಗ್ರಾಮ ಹೊಸ ಪಟ್ಟಿಯಲ್ಲಿ ಆಲಮೇಲದಲ್ಲಿರುತ್ತದೆ. ತಾಲ್ಲೂಕಿನ ಹೆಸರು ಹೊಂದಲಿಲ್ಲವೆಂದು ಸ್ಕ್ರಿಪ್ಟು ಅವೆರಡನ್ನೂ ಹೋಲಿಸದೇ ಬಿಟ್ಟರೆ, ಅಲ್ಲಿನ ಹೆಸರುಗಳು ಒಂದೂ ಜೋಡಿಯಾಗುವುದಿಲ್ಲ. ಗ್ರಾಮ ನಿಶ್ಚಯವಾಗುವುದು ಇನ್ನೊಂದು ಕಾರಣಕ್ಕೂ ಬೇಕು. ಒಂದು ಲಕ್ಷ ಹೆಸರುಗಳನ್ನು ಎಲ್ಲದರೊಡನೆ ಎಲ್ಲವನ್ನೂ ಹೋಲಿಸಿದರೆ ಸುಮಾರು 500 ಕೋಟಿ ಜೋಡಿಗಳಾಗುತ್ತವೆ, 800 ಹೆಸರುಗಳ ಒಂದು ಗ್ರಾಮದೊಳಗೆ ಸುಮಾರು 3.2 ಲಕ್ಷ ಮಾತ್ರ. ಕಂಪ್ಯೂಟರಿನ ಶ್ರಮ ಉಳಿಯುವುದಕ್ಕಿಂತ ದೊಡ್ಡ ಲಾಭವೆಂದರೆ, ಇಂಡಿಯ ಮಲ್ಲಪ್ಪನನ್ನು ಮುದ್ದೇಬಿಹಾಳದ ಮಲ್ಲಪ್ಪನೊಂದಿಗೆ ಕೂಡಿಸುವ ಅವಕಾಶವೇ ಇಲ್ಲವಾಗುತ್ತದೆ.

ಜನರ ಹೆಸರಿಗೆ ಬಂದರೆ ಕೋಷ್ಟಕ ಸಾಲದು, ಅಂತರ ಬೇಕೇ ಬೇಕು. ಆದರೆ ಅಂತರ ಅಳೆಯುವ ಮುನ್ನ ರೂಢಿಯ ವ್ಯತ್ಯಾಸಗಳನ್ನು ತೊಡೆದುಹಾಕಬೇಕು. ಹೆಸರಿನ ಒಂದೊಂದು ಪದಕ್ಕೂ ಹೀಗೆ ಒಂದು ಕೀಲಿರೂಪ ಮಾಡಿಕೊಳ್ಳಬಹುದು:

```python
import re

def key(s):
    s = re.sub(r"[^a-z]", "", s.lower())
    for a, b in (("x", "ksh"), ("ow", "ou"), ("w", "v"),
                 ("ee", "i"), ("oo", "u"), ("sh", "s")):
        s = s.replace(a, b)
    s = re.sub(r"([bdgkpt])h", r"\1", s)
    s = re.sub(r"(.)\1", r"\1", s)
    return re.sub(r"a$", "", s)
```

ಇದರಿಂದ `Laxmibai`, `Lakshmibai` ಎರಡೂ `laksmibai` ಆಗುತ್ತವೆ. ಬರಿಯ ಅಂತರದಲ್ಲಿ ಇವುಗಳ ನಡುವೆ 3 ಇತ್ತು. `Nadagouda` ಮತ್ತು `Nadagowda` ಒಂದಾಗುತ್ತವೆ, `Siddappa` ಮತ್ತು `Siddhappa` ಒಂದಾಗುತ್ತವೆ. ಬದಲಾವಣೆಗಳ ಕ್ರಮ ಮುಖ್ಯ: `x` ಮೊದಲು `ksh` ಆಗಿ ಆಮೇಲೆ `sh` ಕರಗಬೇಕು, `ow` ಮೊದಲು `ou` ಆಗಿ ಆಮೇಲೆ ಉಳಿದ `w` ಗಳು `v` ಆಗಬೇಕು. ಮಹಾಪ್ರಾಣದ ಸಾಲಿನಲ್ಲಿ `c` ಇಲ್ಲದಿರುವುದೂ ಉದ್ದೇಶಪೂರ್ವಕ, ಇದ್ದಿದ್ದರೆ ಚನ್ನಪ್ಪನ ‘ಚ’ವೇ ಕೆಡುತ್ತಿತ್ತು. ಕೀಲಿರೂಪವನ್ನು ಹೋಲಿಕೆಗೆ ಮಾತ್ರ ಬಳಸಬೇಕು. ಮೂಲ ಹೆಸರನ್ನು ಅದರ ಸಾಲಿನಲ್ಲಿ ಬಂದ ಹಾಗೆಯೇ ಉಳಿಸಬೇಕು, ಯಾಕೆಂದರೆ ಯಾವ ಕಾಗುಣಿತ ‘ಸರಿ’ ಎಂದು ನಿರ್ಧರಿಸುವ ಅಧಿಕಾರ ಸ್ಕ್ರಿಪ್ಟಿಗಿಲ್ಲ.

ಹಾಗಾದರೆ ಈ ಕೀಲಿಯೇ ಸಾಕಲ್ಲ, ಅಂತರ ಏಕೆ ಎಂಬ ಆಕ್ಷೇಪಣೆ ಸಹಜ. ಇದೇ ಆಲೋಚನೆಯ ಹಳೆಯ ರೂಪ ಅಮೆರಿಕದಲ್ಲಿ 1918ರಲ್ಲಿ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ಸೌಂಡೆಕ್ಸ್. ಮೊದಲಕ್ಷರವನ್ನು ಹಾಗೆಯೇ ಉಳಿಸಿ, ನಂತರದ ವ್ಯಂಜನಗಳಿಗೆ ಅಂಕಿ ಕೊಟ್ಟು, ಹೆಸರನ್ನು ನಾಲ್ಕು ಸ್ಥಾನಗಳ ಸಂಕೇತವಾಗಿಸುವ ವಿಧಾನ ಅದು. ನಮ್ಮ ಹೆಸರುಗಳಿಗೆ ಹಚ್ಚಿದರೆ ಲಕ್ಷ್ಮಿಯ ಎರಡೂ ರೂಪ `L250` ಎಂದು ಹೊಂದಿಕೊಳ್ಳುತ್ತವೆ. ಆದರೆ `Basavaraj` ಗೆ `B216`, `Baswaraj` ಗೆ `B262` ಬರುತ್ತದೆ, ಏಕೆಂದರೆ ಸೌಂಡೆಕ್ಸ್ ಪ್ರಕಾರ `v` ವ್ಯಂಜನ, `w` ಗೆ ಬೆಲೆಯೇ ಇಲ್ಲ. ಇಂಗ್ಲಿಷ್ ಕಿವಿಗೆ ಅದು ಸರಿ, ಬಾಗೇವಾಡಿಯ ಕಿವಿಗೆ ಅಲ್ಲ. ವೀರಣ್ಣ `V650`, ಈರಣ್ಣ `I650`. ಮೊದಲಕ್ಷರ ಬೇರೆಯಾದ್ದರಿಂದ ಇವರಿಬ್ಬರೂ ಎಂದಿಗೂ ಭೇಟಿಯಾಗುವುದಿಲ್ಲ. ಯಾವುದೇ ಕೀಲಿಯ ದೋಷ ಇದೇ: ಅದು ಹೌದು ಅಥವಾ ಇಲ್ಲ ಎನ್ನುತ್ತದೆ, ‘ಸ್ವಲ್ಪ ಹತ್ತಿರ’ ಎನ್ನಲು ಅದಕ್ಕೆ ಬಾಯಿಲ್ಲ. ಗೊತ್ತಿರುವ ರೂಢಿಗಳನ್ನು ಕೀಲಿ ಅಳಿಸಲಿ, ಉಳಿದ ವ್ಯತ್ಯಾಸದ ಪ್ರಮಾಣವನ್ನು ಅಂತರ ಹೇಳಲಿ. ಇವೆರಡೂ ಒಂದರ ಹಿಂದೊಂದು ನಡೆಯಬೇಕಾದ ಕೆಲಸಗಳು.

ಇನ್ನೊಂದು ಆಕ್ಷೇಪಣೆ ಜಾರೋ–ವಿಂಕ್ಲರ್ ಅಳತೆಯ ಪರವಾದದ್ದು. ಅಮೆರಿಕದ ಜನಗಣತಿಯ ಕೆಲಸದಲ್ಲಿ ರೂಪುಗೊಂಡ ಈ ಅಳತೆ ಹೆಸರುಗಳಿಗೆಂದೇ ಮಾಡಿದ್ದು, ಆದ್ದರಿಂದ ಲೆವೆನ್‌ಸ್ಟೈನ್‌ಗಿಂತ ಇದು ಮೇಲು ಎಂಬ ವಾದವಿದೆ. ಮೊದಲ ನಾಲ್ಕು ಅಕ್ಷರಗಳವರೆಗೆ ಹೊಂದಿಕೆಯಿದ್ದರೆ ಹೆಚ್ಚುವರಿ ಅಂಕ ಕೊಡುವುದು ಇದರ ವಿಶೇಷ, ಹೆಸರಿನ ಆರಂಭದಲ್ಲಿ ಜನ ತಪ್ಪುವುದು ಕಡಿಮೆ ಎಂಬುದು ಅದರ ಹಿಂದಿನ ತರ್ಕ. ಆದರೆ ಕನ್ನಡದ ಹೆಸರಿನಲ್ಲಿ ಹೆಣ್ಣೋ ಗಂಡೋ ಎಂಬುದು ತಿಳಿಯುವುದು ಕೊನೆಯಲ್ಲಿ: ಅಪ್ಪ, ಅಮ್ಮ, ಅವ್ವ, ಬಾಯಿ, ಗೌಡ. ಆಡುಮಾತು ಬದಲಿಸುವುದೋ, ಮೊದಲಕ್ಷರವನ್ನು. ಹೀಗಾಗಿ `Mallappa` ಮತ್ತು `Mallamma` ಈ ಅಳತೆಯಲ್ಲಿ 0.90 ಪಡೆಯುತ್ತಾರೆ, `Iranna` ಮತ್ತು `Veeranna` 0.82. ಎಂದೂ ಒಬ್ಬರಾಗಲಾರದವರು ಮುಂದೆ, ಒಬ್ಬನೇ ಆಗಿರುವ ಸಾಧ್ಯತೆ ಹೆಚ್ಚಿರುವವನು ಹಿಂದೆ. ನಮ್ಮ ಕೀಲಿಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ದ್ವಿತ್ವವನ್ನು ಒಂದೇ ಅಕ್ಷರ ಮಾಡಿದ್ದರಿಂದ ಮಲ್ಲಪ್ಪ `malap`, ಮಲ್ಲಮ್ಮ `malam` ಆಗಿ, ಮೊದಲು ಇದ್ದ 2ರ ಅಂತರ 1ಕ್ಕೆ ಇಳಿಯುತ್ತದೆ. ಸ್ವಚ್ಛಗೊಳಿಸುವ ಹೆಜ್ಜೆಯೇ ಗಂಡುಹೆಣ್ಣಿನ ಹೆಸರುಗಳನ್ನು ಇನ್ನಷ್ಟು ಹತ್ತಿರ ತಂದು ನಿಲ್ಲಿಸುತ್ತದೆ. ಆದ್ದರಿಂದ ಕೀಲಿ ಮಾಡುವ ಮುನ್ನವೇ ಮೂಲ ಹೆಸರಿನ ಕೊನೆಯನ್ನು ನೋಡಿ, ಒಂದು ಕಡೆ ಅಪ್ಪ ಇನ್ನೊಂದು ಕಡೆ ಅಮ್ಮ, ಅವ್ವ ಅಥವಾ ಬಾಯಿ ಇದ್ದರೆ ಆ ಜೋಡಿಯನ್ನು ಅಲ್ಲಿಗೇ ಕೈಬಿಡಬೇಕು. ಅಮ್ಮ ಮತ್ತು ಅವ್ವಗಳ ನಡುವೆ ಮಾತ್ರ ಈ ತಡೆ ಬೇಡ. ಮನೆಯಲ್ಲಿ ಬಸವ್ವ ಎನಿಸಿಕೊಂಡವಳು ಕಾಗದದಲ್ಲಿ ಬಸಮ್ಮ ಆಗಿರುವುದು ಅಪರೂಪವಲ್ಲ.

ಇಷ್ಟಾದ ಮೇಲೆ ಒಂದು ಗ್ರಾಮದ ಮಾದರಿ ಪಟ್ಟಿಯನ್ನು ನೋಡಬಹುದು. ಹೆಸರುಗಳು ವಿವರಣೆಗಾಗಿ ಕಟ್ಟಿದವು, ರಚನೆ ಮಾತ್ರ ಇಲ್ಲಿನದೇ: ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು.

```
1  Iranna    Mallappa  Biradar
2  Veeranna  Mallappa  Biradar
3  Mallappa  Iranna    Biradar
4  Kallappa  Iranna    Biradar
5  Mallavva  Iranna    Biradar
```

ಇಡೀ ಸಾಲನ್ನು ಒಂದೇ ಪದಮಾಲೆಯಾಗಿ ಅಳೆದರೆ 3 ಮತ್ತು 4ರ ನಡುವೆ ಅಂತರ 1, 3 ಮತ್ತು 5ರ ನಡುವೆ 2, 1 ಮತ್ತು 2ರ ನಡುವೆ 3. ಅಣ್ಣತಮ್ಮಂದಿರಂತೆ ಕಾಣುವ ಇಬ್ಬರು ಎಲ್ಲಕ್ಕಿಂತ ಹತ್ತಿರ, ಒಬ್ಬನೇ ಆಗಿರಬಹುದಾದವನು ಎಲ್ಲಕ್ಕಿಂತ ದೂರ. ಮಿತಿಯನ್ನು 2ಕ್ಕೆ ಇಟ್ಟ ಸ್ಕ್ರಿಪ್ಟು ಕೂಡಿಸಬಾರದ ಎರಡು ಜೋಡಿಗಳನ್ನು ಕೂಡಿಸಿ, ಕೂಡಿಸಬೇಕಾದದ್ದನ್ನು ಬಿಡುತ್ತದೆ. ಹೆಸರಿನ ಭಾಗಗಳು ಹಿಂದುಮುಂದಾಗಿರುತ್ತವೆ, ‘ಬಿರಾದಾರ ಈರಣ್ಣ’ ಎಂದೂ ಬರೆಯುತ್ತಾರೆ ಎಂಬ ಕಾರಣಕ್ಕೆ ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿ ಹೋಲಿಸುವ ಪದ್ಧತಿ ಬಹಳ ಜನಪ್ರಿಯ. ಇಲ್ಲಿ ಅದು ಎಲ್ಲಕ್ಕಿಂತ ಅಪಾಯಕಾರಿ. ಈ ಭಾಗದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆ. ಮಲ್ಲಪ್ಪನ ಮಗ ಈರಣ್ಣ, ಈರಣ್ಣನ ಮಗ ಮತ್ತೆ ಮಲ್ಲಪ್ಪ. 1 ಮತ್ತು 3ನೇ ಸಾಲುಗಳು ತಂದೆ–ಮಗ. ಪದಗಳನ್ನು ಅಕಾರಾದಿಗೆ ಹಾಕಿದ ಕ್ಷಣ ಇಬ್ಬರೂ ಅಕ್ಷರಶಃ ಒಂದೇ ಆಗುತ್ತಾರೆ, ಅಂತರ ಸೊನ್ನೆ. ತಂದೆಯ ಜಮೀನು ಮಗನ ಹೆಸರಿಗೆ ಬಂದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿರುವ ಕಡತದಲ್ಲಿ ಇದು ಸಣ್ಣ ತಪ್ಪಲ್ಲ. ಅಡ್ಡಹೆಸರನ್ನು ಗುರುತಿಸಿ ಅದನ್ನು ಕೊನೆಗೆ ಸರಿಸುವುದು ಸರಿ, ಸ್ವಂತ ಹೆಸರು ಮತ್ತು ತಂದೆಯ ಹೆಸರನ್ನು ಎಂದಿಗೂ ಕಲೆಸಬಾರದು.

ಭಾಗಗಳನ್ನು ಬೇರೆ ಬೇರೆಯಾಗಿ ಹೋಲಿಸಿ, ಕೀಲಿರೂಪದ ಮೇಲೆ ಅಂತರ ಅಳೆದರೆ 1–2ರ ಸ್ವಂತ ಹೆಸರು `iran`, `viran`: ಅಂತರ 1. 3–4ರದ್ದು `malap`, `kalap`: ಅದೂ 1. ಸ್ಥಿತಿ ಸುಧಾರಿಸಿತು, ಆದರೆ ಎರಡು ಜೋಡಿಗಳೂ ಇನ್ನೂ ಬೇರ್ಪಡಲಿಲ್ಲ. ಇಲ್ಲಿ ಬೇಕಾಗುವುದು ತೂಕದ ಅಂತರ. ಎಲ್ಲ ಬದಲಾವಣೆಗೂ ಒಂದೇ ಬೆಲೆ ಇರಬೇಕೆಂದು ವ್ಯಾಗ್ನರ್–ಫಿಶರ್ ಕೋಷ್ಟಕವೇನೂ ಒತ್ತಾಯಿಸುವುದಿಲ್ಲ. ಕೂಡುವ 1ರ ಜಾಗದಲ್ಲಿ ಬೇರೆ ಸಂಖ್ಯೆ ಕೂಡಿದರಾಯಿತು. ಪದದ ಮೊದಲಲ್ಲಿ `i` ಅಥವಾ `e` ಗಿಂತ ಮುಂಚಿನ `v` ಬೀಳುವುದಕ್ಕೆ 0.3, `i`–`e` ಬದಲಾವಣೆಗೆ 0.3, ವ್ಯಂಜನಗಳ ನಡುವಿನ `a` ಬೀಳುವುದಕ್ಕೆ 0.2, ಉಳಿದ ಎಲ್ಲಕ್ಕೂ 1 ಎಂದಿಟ್ಟುಕೊಳ್ಳೋಣ. ಈಗ ಈರಣ್ಣ–ವೀರಣ್ಣ 0.3, `Sindagi`–`Sindgi` 0.2, `Basavaraj`–`Baswaraj` 0.2. ಮಲ್ಲಪ್ಪ–ಕಲ್ಲಪ್ಪ 1ರಲ್ಲೇ ಉಳಿಯುತ್ತದೆ, ಸಂಗಪ್ಪ–ಗಂಗಪ್ಪ 1, ಕೊಲ್ಹಾರ–ಕೋಲಾರವೂ 1. ನಡುವೆ ಖಾಲಿ ಜಾಗ ಬಿತ್ತು, 0.6ರಲ್ಲಿ ಗೆರೆ ಎಳೆಯಬಹುದು. ಈ ತೂಕಗಳು ಊಹೆಯಿಂದ ಬಂದವು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಆದರೆ ಎಲ್ಲಕ್ಕೂ 1 ಎನ್ನುವುದೂ ಒಂದು ಊಹೆ, ಅದೂ ಈ ಊರುಗಳನ್ನು ನೋಡದೆ ಮಾಡಿದ್ದು. ಕೈಯಿಂದ ಪರಿಶೀಲಿಸಿ ‘ಇವರು ಒಬ್ಬರೇ’ ಎಂದು ಖಚಿತವಾದ ಕೆಲವು ನೂರು ಜೋಡಿಗಳು ಸಿಕ್ಕಮೇಲೆ, ಅವುಗಳಲ್ಲಿ ಯಾವ ಬದಲಾವಣೆ ಎಷ್ಟು ಸಲ ಬಂದಿದೆಯೆಂದು ಎಣಿಸಿ ತೂಕವನ್ನು ತಿದ್ದಬಹುದು: ಹೆಚ್ಚು ಸಲ ಬಂದದ್ದು ಅಗ್ಗ, ಅಪರೂಪದ್ದು ದುಬಾರಿ.

ರೋಮನ್ ಲಿಪಿಯ ಈ ಗೋಜಲೇ ಬೇಡ, ಎಲ್ಲವನ್ನೂ ಕನ್ನಡದಲ್ಲೇ ಹೋಲಿಸಿದರೆ ಮುಗಿಯಿತು ಎಂಬ ಮಾತೂ ಕೇಳಿಬರುತ್ತದೆ. ಎರಡೂ ಕಡತ ಕನ್ನಡದಲ್ಲೇ ಇದ್ದರೆ ಹಾಗೆ ಮಾಡುವುದೇ ಒಳ್ಳೆಯದು. ಕೊಲ್ಹಾರ, ಕೋಲಾರಗಳ ಅಂತರ ಕನ್ನಡದಲ್ಲಿ 3. ಆದರೆ ಬ್ಯಾಂಕಿನ `t` ‘ತ’ವೋ ‘ಟ’ವೋ, `l` ‘ಲ’ವೋ ‘ಳ’ವೋ ಎಂದು ಹೇಳಲು ಆಗದಿದ್ದಾಗ ರೋಮನ್ನಿನಿಂದ ಕನ್ನಡಕ್ಕೆ ತರುವುದೇ ಹೊಸ ಊಹೆಗಳ ಸರಣಿ. ಕನ್ನಡದ ಒಳಗೂ ತೊಡಕುಗಳಿವೆ. ಯೂನಿಕೋಡಿನಲ್ಲಿ ‘ಸಿದ್ದಪ್ಪ’ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಎಂಟು ಸಂಕೇತ: ಸ, ಗುಡಿಸು, ದ, ವಿರಾಮ, ದ, ಪ, ವಿರಾಮ, ಪ. ‘ಸಿದ್ಧಪ್ಪ’ನೊಂದಿಗೆ ಅಂತರ 1 ಬಂದಾಗ ಅದು ಎಂಟರಲ್ಲೊಂದೋ ಮೂರರಲ್ಲೊಂದೋ ಎಂಬುದನ್ನು ಬರೆಯುವವರು ಮೊದಲೇ ತೀರ್ಮಾನಿಸಿರಬೇಕು. ದೀರ್ಘದ ‘ೀ’ಯನ್ನು ಒಂದೇ ಸಂಕೇತ `U+0CC0` ಆಗಿಯೂ, `U+0CBF` ಮತ್ತು `U+0CD5` ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಅಂತರದ ಲೆಕ್ಕದಲ್ಲಿ ಬೇರೆ. ಹೋಲಿಕೆಗೆ ಮೊದಲು `unicodedata.normalize("NFC", s)` ನಡೆಸಿದರೆ ಇದು ಹೋಗುತ್ತದೆ. ಹೋಗದಿರುವುದು ಇನ್ನೊಂದು: ಅನುಸ್ವಾರದ ‘ಂ’ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ‘೦’ ಒತ್ತಿರುವುದು. ಸಂಗಪ್ಪ, ಶಂಕರಪ್ಪ, ನಿಂಗಪ್ಪ ಎಲ್ಲರ ಹೆಸರಲ್ಲೂ ಸೊನ್ನೆಯಿದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಹೆಸರಿನ ಕಾಲಮ್ಮಿನಲ್ಲಿ `U+0CE6` ಕಂಡಲ್ಲೆಲ್ಲ `U+0C82` ಮಾಡುವುದು ಸುರಕ್ಷಿತ, ಹೆಸರಿನಲ್ಲಿ ಅಂಕಿಗೆ ಏನೂ ಕೆಲಸವಿಲ್ಲ. ಹಳೆಯ ನುಡಿ ಅಕ್ಷರವಿನ್ಯಾಸದ ಕಡತವಾದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪಿಲ್ಲವೆಂದು ನೋಡಿಕೊಂಡೇ ಮುಂದುವರಿಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಅಂತರಕ್ಕೆ ನಿಲುಕದ ಜೋಡಿಗಳು ಉಳಿಯುತ್ತವೆ. `Ningappa` ಮತ್ತು `Lingappa` ಅಂಥವು. ಒಬ್ಬನೇ ಮನುಷ್ಯ ಎರಡೂ ಹೆಸರಿನಲ್ಲಿ ಓಡಾಡುವುದು ಸಾಧ್ಯ, ಒಂದೇ ಓಣಿಯಲ್ಲಿ ಇಬ್ಬರು ಬೇರೆ ಬೇರೆ ಇರುವುದೂ ಅಷ್ಟೇ ಸಾಧ್ಯ. `n`–`l` ಬದಲಾವಣೆಯನ್ನು ಅಗ್ಗ ಮಾಡಿದರೂ ದುಬಾರಿ ಮಾಡಿದರೂ ಯಾವುದೋ ಊರಿನಲ್ಲಿ ತಪ್ಪುತ್ತದೆ. ಉತ್ತರ ಹೆಸರಿನ ಹೊರಗಿದೆ: ತಂದೆಯ ಹೆಸರು, ಸರ್ವೆ ನಂಬರು, ವಯಸ್ಸು, ಫ್ರೂಟ್ಸ್‌ನ ರೈತ ಗುರುತಿನ ಸಂಖ್ಯೆ. ಫೆಲೆಗಿ ಮತ್ತು ಸಂಟರ್ 1969ರಲ್ಲಿ ದಾಖಲೆ ಜೋಡಣೆಗೆ ಕೊಟ್ಟ ಗಣಿತದ ಸಾರವೂ ಇದೇ ಕಡೆಗಿದೆ. ಪ್ರತಿ ಕಾಲಮ್ಮಿನ ಹೊಂದಿಕೆಗೂ ಅದು ಎಷ್ಟು ಅಪರೂಪವೋ ಅಷ್ಟು ತೂಕ. ಊರಿನ ಅರ್ಧ ಜನ ಬಿರಾದಾರರಾಗಿರುವಲ್ಲಿ ಇಬ್ಬರು ಬಿರಾದಾರರು ಹೊಂದಿದರೆ ಹೇಳಿದಂತಾಗುವುದು ಬಹಳ ಕಡಿಮೆ. ಅದೇ ಸರ್ವೆ ನಂಬರಿನ ಉಪವಿಭಾಗ ಹೊಂದಿದರೆ ಬಹಳ. ಮೇಲಿನ ಪಟ್ಟಿಯ 1 ಮತ್ತು 2ನೇ ಸಾಲುಗಳನ್ನು ಒಂದಾಗಿಸುವುದಕ್ಕೆ 0.3 ಎಂಬ ಅಂಕ ಸಾಲದು. ಅಂಕ ಅವರನ್ನು ಎದುರುಬದುರು ಕೂರಿಸಬಹುದು, ಅಷ್ಟೇ. ತಂದೆಯ ಹೆಸರೂ ಜಮೀನೂ ಒಂದೇ ಎಂದು ಕಂಡಾಗ ಮಾತು ಮುಂದುವರಿಯುತ್ತದೆ.

ಜೋಡಿಗಳನ್ನು ಸರಪಳಿಯಾಗಿ ಬೆಸೆಯುವುದು ಇನ್ನೊಂದು ಬಲೆ. ಸಂಗಪ್ಪ ಗಂಗಪ್ಪನಿಗೆ ಹತ್ತಿರ, ಗಂಗಪ್ಪ ನಿಂಗಪ್ಪನಿಗೆ ಹತ್ತಿರ, ನಿಂಗಪ್ಪ ಲಿಂಗಪ್ಪನಿಗೆ ಹತ್ತಿರ ಎಂದು ಒಂದೊಂದು ಕೊಂಡಿ ಹಾಕುತ್ತ ಹೋದರೆ ಕೊನೆಗೆ ಒಂದೇ ಗುಂಪಿನಲ್ಲಿ ನಾಲ್ಕು ಮನೆತನಗಳು ಸೇರಿಕೊಂಡಿರುತ್ತವೆ. ಇದನ್ನು ಪತ್ತೆಹಚ್ಚುವುದು ಸುಲಭ: ಗುಂಪುಗಳನ್ನು ಗಾತ್ರದ ಪ್ರಕಾರ ಇಳಿಕೆಯಲ್ಲಿ ಜೋಡಿಸಿ ಮೊದಲ ಕೆಲವನ್ನು ಕಣ್ಣಾರೆ ಓದಿದರೆ ಸಾಕು. ಒಂದು ಹಳ್ಳಿಯಲ್ಲಿ ಒಬ್ಬನಿಗೆ ಹನ್ನೆರಡು ರೂಪಗಳಿವೆ ಎಂದು ಸ್ಕ್ರಿಪ್ಟು ಹೇಳಿದರೆ ಮಿತಿ ಸಡಿಲವಾಗಿದೆ ಎಂದೇ ಅರ್ಥ. ಬಿಗಿಯಾಗಿದೆಯೋ ಎಂದು ತಿಳಿಯಲು ಇನ್ನೊಂದು ತುದಿಯಿಂದ ನೋಡಬೇಕು: ಸರ್ವೆ ನಂಬರು ಮತ್ತು ತಂದೆಯ ಹೆಸರು ಎರಡೂ ಹೊಂದಿದ್ದರೂ ಜೋಡಿಯಾಗದೆ ಉಳಿದ ಸಾಲುಗಳನ್ನು ತೆಗೆದು ಓದಿದರೆ, ಯಾವ ರೂಢಿಯನ್ನು ಕೀಲಿ ಇನ್ನೂ ಕಲಿತಿಲ್ಲ ಎಂಬುದು ಅಲ್ಲಿ ಕಾಣುತ್ತದೆ.

ತಪ್ಪಾಗಿ ಕೂಡಿಸುವುದು, ಕೂಡಿಸದೇ ಬಿಡುವುದು ಎರಡೂ ತಪ್ಪುಗಳೇ ಆದರೂ ಇಲ್ಲಿ ಅವುಗಳ ಬೆಲೆ ಸಮವಲ್ಲ. ಕೂಡಿಸದೇ ಬಿಟ್ಟ ಜೋಡಿ ಪರಿಶೀಲನೆಯ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದು, ಮುಂದೆ ಯಾರದಾದರೂ ಕಣ್ಣಿಗೆ ಬೀಳಬಹುದು. ತಪ್ಪಾಗಿ ಕೂಡಿಸಿದ್ದು ಕಣ್ಣಿಗೇ ಬೀಳುವುದಿಲ್ಲ. ಎರಡು ಸಾಲಿದ್ದ ಕಡೆ ಒಂದಿರುತ್ತದೆ, ಕಂತು ಬರದ ರೈತ ಕಚೇರಿಗೆ ಬಂದು ಕೇಳಿದಾಗ ಅವನ ಹೆಸರೇ ಪಟ್ಟಿಯಲ್ಲಿರುವುದಿಲ್ಲ. ಆದ್ದರಿಂದ ಸ್ಕ್ರಿಪ್ಟಿನ ಉತ್ಪನ್ನ ತಿದ್ದಿದ ಹೆಸರುಗಳ ಕಡತವಾಗಿರಬಾರದು, ಜೋಡಿಗಳ ಪಟ್ಟಿಯಾಗಿರಬೇಕು: ಎರಡೂ ಮೂಲ ಹೆಸರು, ಎರಡೂ ಕೀಲಿ, ತೂಕದ ಅಂತರ, ಹೊಂದಿದ ಇತರ ಕಾಲಮ್ಮುಗಳು, ಕೊನೆಗೆ ಖಾಲಿ ಬಿಟ್ಟ ಒಂದು ಕಾಲಮ್ಮು. 0.6ರ ಒಳಗಿನವು ಒಂದು ಹಾಳೆಯಲ್ಲಿ ರೂಢಿಯ ರೂಪಗಳೆಂದು, ಸರಿಸುಮಾರು 1ರಲ್ಲಿದ್ದು ತಂದೆಯ ಹೆಸರು ಹೊಂದಿರುವವು ಇನ್ನೊಂದು ಹಾಳೆಯಲ್ಲಿ ಟೈಪಿಂಗ್ ತಪ್ಪಿರಬಹುದೆಂದು. ಖಾಲಿ ಕಾಲಮ್ಮನ್ನು ತುಂಬುವವರು ಊರನ್ನು ಬಲ್ಲ ಗ್ರಾಮ ಆಡಳಿತಾಧಿಕಾರಿಯೋ ಪಂಚಾಯಿತಿಯ ಸಿಬ್ಬಂದಿಯೋ ಆಗಿದ್ದರೆ, ಅವರು ‘ಒಬ್ಬರೇ’ ಎಂದದ್ದನ್ನು ಮಾತ್ರವಲ್ಲ, ‘ಬೇರೆ’ ಎಂದದ್ದನ್ನೂ ದಿನಾಂಕದೊಂದಿಗೆ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ಕಡತ ಬಂದಾಗ ಮಲ್ಲಪ್ಪ ಮತ್ತು ಕಲ್ಲಪ್ಪ ಅದೇ ಅಂಕ ಹೊತ್ತು ಅದೇ ಹಾಳೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ, ಅದೇ ಅಧಿಕಾರಿ ಅದೇ ಉತ್ತರವನ್ನು ಮತ್ತೊಮ್ಮೆ ಬರೆಯಬೇಕಾಗುತ್ತದೆ.